ಅಕ್ಕನ ದುಡ್ಡು, ತಮ್ಮನ ಕಾಗದ

ನಮ್ಮ ಮದುವೆಮನೆಗಳಲ್ಲಿ ಮುಯ್ಯಿ ಬರೆದುಕೊಳ್ಳಲು ಒಬ್ಬರು ಇದ್ದೇ ಇರುತ್ತಾರೆ. ಛತ್ರದ ಬಾಗಿಲ ಹತ್ತಿರ ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಮೊದಲ ಪುಟದ ನೆತ್ತಿಯಲ್ಲಿ ಅರಿಶಿನ ಕುಂಕುಮ. ಐನೂರ ಒಂದು ಓದಿಸಿದರೂ ಹೆಸರು, ಊರು, ಮೊತ್ತ ಮೂರೂ ಪುಸ್ತಕಕ್ಕೆ ಬೀಳುತ್ತವೆ. ಕೊಟ್ಟವರು ಸ್ವಂತ ಸೋದರಮಾವನಾದರೂ ಅಷ್ಟೆ. ಆ ಪುಸ್ತಕ ಬೀರುವಿನಲ್ಲಿ ಹತ್ತಾರು ವರ್ಷ ಭದ್ರವಾಗಿರುತ್ತದೆ. ಅವರ ಮನೆಯಲ್ಲಿ ಮದುವೆ ಬಂದಾಗ ತೆಗೆದು ನೋಡಿ, ಅದಕ್ಕೆ ಒಂದಿಷ್ಟು ಸೇರಿಸಿ ಹಾಕುತ್ತಾರೆ. ಇದರಿಂದ ಯಾರ ಮಾನವೂ ಹೋಗುವುದಿಲ್ಲ.

ಅದೇ ಸೋದರಮಾವ ಆಸ್ಪತ್ರೆಯ ಬಿಲ್ಲಿಗೆಂದು ಒಂದು ಲಕ್ಷ ಕೊಟ್ಟಾಗ ಮಾತ್ರ ಬರೆದಿಡಲು ಯಾರ ಕೈಗೂ ಪೆನ್ನು ಸಿಗುವುದಿಲ್ಲ. ‘ನಮ್ಮ ನಮ್ಮಲ್ಲಿ ಎಂಥ ಲೆಕ್ಕ’ ಎಂದು ಕೊಟ್ಟವರು ಹೇಳುತ್ತಾರೆ, ತೆಗೆದುಕೊಂಡವರು ಕಣ್ಣು ಒರೆಸಿಕೊಳ್ಳುತ್ತಾರೆ. ಒಂದೂವರೆ ವರ್ಷ ಕಳೆದ ಮೇಲೆ ಕೊಟ್ಟವರಿಗೆ ಕೇಳಲು ಸಂಕೋಚ, ತೆಗೆದುಕೊಂಡವರಿಗೆ ಎದುರು ಬರಲು ಸಂಕೋಚ. ನಾಮಕರಣಕ್ಕೆ ಕರೆದರೆ ‘ಊರಲ್ಲಿ ಇರಲ್ಲ’ ಎನ್ನುವುದು ಶುರುವಾಗುತ್ತದೆ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆ ಹೊರಗಿನವರಿಗಿಂತ ಹೆಚ್ಚಾಗಿ ನೆಂಟರ ನಡುವೆಯೇ ಓಡಾಡುವುದನ್ನು ನಾನು ಕೇಳಿದ್ದೇನೆ.

ಇದಕ್ಕೆ ಮದ್ದು ತೀರಾ ಸಣ್ಣದು. ಹಣ ಬಂದು ಒಂದೆರಡು ವಾರದೊಳಗೆ, ತೆಗೆದುಕೊಂಡವರೇ ಮುಂದಾಗಿ ಬರೆಯುವ ಒಂದು ಪುಟದ ಕಾಗದ. ಅದರಲ್ಲಿ ಕೃತಜ್ಞತೆಯೂ ಇರಬೇಕು, ಮೊತ್ತವೂ ಇರಬೇಕು, ತಾರೀಖೂ ಇರಬೇಕು. ಹಳೆಯ ಕಾಲದವರು ‘ಉಭಯ ಕುಶಲೋಪರಿ’ ಎಂದು ಶುರು ಮಾಡಿ, ಹಣದ ವಿಷಯವನ್ನು ಕೊನೆಯ ಸಾಲಿಗೆ ತಳ್ಳಿ, ‘ಮಿಕ್ಕಿದ್ದು ಮುಖತಃ’ ಎಂದು ಮುಗಿಸುತ್ತಿದ್ದರು. ತೊಂದರೆಯೆಲ್ಲ ಆ ಮಿಕ್ಕಿದ್ದರಲ್ಲೇ ಇರುತ್ತಿತ್ತು.

ಲೆಕ್ಕ ಸ್ಪಷ್ಟವಾಗಲಿ ಎಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಮ್ಮನದು ತುಮಕೂರಿನಲ್ಲಿ ಕಾಲೇಜೊಂದರ ಎದುರು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. 2025ರ ಮಾರ್ಚ್‌ನಲ್ಲಿ ಬೈಕಿನಿಂದ ಬಿದ್ದು ಕಾಲಿನ ಮೂಳೆ ಮುರಿಯಿತು, ಒಳಗೆ ರಾಡು ಹಾಕಿದರು, ಅಂಗಡಿಗೆ ಎರಡೂವರೆ ತಿಂಗಳು ಬೀಗ. ಊರಲ್ಲಿ ಮೀಟರ್ ಬಡ್ಡಿಯವರಿದ್ದರು, ವಾರದ ಕಂತಿನ ಫೈನಾನ್ಸಿನವರೂ ಇದ್ದರು. ಕಿರುಸಾಲ ವಸೂಲಿಯ ಕಿರುಕುಳ ಎಷ್ಟಾಗಿತ್ತೆಂದರೆ, ಅದೇ ವರ್ಷದ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಗಿತ್ತು. ಅಂಥ ಹೊತ್ತಿನಲ್ಲಿ ತಿಪಟೂರಿನ ಅಕ್ಕ–ಭಾವ ಕೈಹಿಡಿದರು. ಏಪ್ರಿಲ್ 9ರಂದು ಭಾವ ತಮ್ಮ ಖಾತೆಯಿಂದ 90,000 ರೂಪಾಯಿ ಕಳಿಸಿದರು. ಅದು ಮಗಳ ಕಾಲೇಜಿಗೆಂದು ಎಫ್‌ಡಿ ಇಟ್ಟಿದ್ದ ಹಣ, ಅವಧಿಗೆ ಮುಂಚೆ ಮುರಿಸಿದ್ದು. ಅಕ್ಕ ತನ್ನ ಕೊರಳಿನ 16 ಗ್ರಾಂ ಸರ ಬಿಚ್ಚಿ, ತನ್ನ ಹೆಸರಿನಲ್ಲೇ ಅಡವಿಟ್ಟು, 30,000 ತಂದುಕೊಟ್ಟಳು. ಒಟ್ಟು 1,20,000.

ಮೊದಲು ಗಮನಿಸಬೇಕಾದ್ದು, ಇಲ್ಲಿ ಕೊಟ್ಟವರು ಒಬ್ಬರಲ್ಲ. ‘ಅಕ್ಕ ಕೊಟ್ಟಳು’ ಎಂದು ತಮ್ಮ ಊರೆಲ್ಲ ಹೇಳಿಕೊಂಡು ಬಂದರೆ ಎಫ್‌ಡಿ ಮುರಿಸಿದ ಭಾವನಿಗೆ ಏನನ್ನಿಸಬೇಕು? ಭಾವನಿಗೆ ಮಾತ್ರ ಕೈಮುಗಿದು ಬಂದರೆ, ಬೋಳು ಕೊರಳಲ್ಲಿ ಗೌರಿಹಬ್ಬ ಮಾಡುವ ಅಕ್ಕನ ಗತಿ? ಸರ ತವರಿನಲ್ಲಿ ಹಾಕಿದ್ದು; ಅದು ಅವಳ ಸ್ತ್ರೀಧನ, ಅವಳೊಬ್ಬಳದೇ. ಆದ್ದರಿಂದ ಕಾಗದ ಇಬ್ಬರ ಹೆಸರಿಗೂ ಹೋಗಬೇಕು, ಸರದ ಮಾತು ಬಂದಾಗ ಅಕ್ಕನ ಕಡೆಗೇ ತಿರುಗಿ ಬರೆಯಬೇಕು. ಇನ್ನೂ ಒಂದು ಎಚ್ಚರಿಕೆ. ಎಷ್ಟೋ ಮನೆಗಳಲ್ಲಿ ಹೆಂಗಸರು ಗಂಡನಿಗೆ ತಿಳಿಸದೆ ತಮ್ಮನಿಗೆ ಕೊಟ್ಟಿರುತ್ತಾರೆ. ಹಾಗಿದ್ದಲ್ಲಿ ಕಾಗದ ಬರೆಯುವ ಮುಂಚೆ ‘ಭಾವನಿಗೆ ಗೊತ್ತಾ?’ ಎಂದು ಕೇಳಿ. ಗೊತ್ತಿಲ್ಲದಿದ್ದರೆ ಹೇಳುವುದು ಅಕ್ಕನ ಇಷ್ಟ. ನೀವು ಕಳಿಸಿದ ವಾಟ್ಸ್‌ಆ್ಯಪ್ ಮೆಸೇಜಿನಿಂದ ಅದು ಬಯಲಾಗಬಾರದು.

ಇನ್ನು ಕೃತಜ್ಞತೆಯ ಮಾತು. ಕಷ್ಟದಲ್ಲಿ ಹಣ ಸಿಕ್ಕಾಗ ನಮ್ಮ ಬಾಯಿಗೆ ತಟ್ಟನೆ ಬರುವ ಮಾತು ‘ನಿಮ್ಮ ಋಣ ಈ ಜನ್ಮದಲ್ಲಿ ತೀರಿಸಲಾರೆ’. ಬೇರೆ ಸಂದರ್ಭದಲ್ಲಿ ಇದು ದೊಡ್ಡ ಮಾತು. ಎಫ್‌ಡಿ ಮುರಿಸಿ 90,000 ಕೊಟ್ಟವರು ಓದಿದರೆ ಎದೆ ಧಸಕ್ಕೆನ್ನುವ ಮಾತು. ‘ನೀವೇ ನನ್ನ ಪಾಲಿನ ದೇವರು’ ಎಂಬುದೂ ಅಷ್ಟೇ ಅಪಾಯದ್ದು. ದೇವರ ಹುಂಡಿಗೆ ಹೋದದ್ದಕ್ಕಾಗಲಿ ದೇವರಿಂದ ಬಂದದ್ದಕ್ಕಾಗಲಿ ಯಾರೂ ಕಂತು ಕಟ್ಟುವುದಿಲ್ಲ. ಹೀಗೆ ಉಬ್ಬಿಸಿ ಬರೆದವರು ಮುಂದಿನ ಸಾಲಿನಲ್ಲಿ ‘ಆದಷ್ಟು ಬೇಗ ವಾಪಸ್ ಮಾಡುತ್ತೇನೆ’ ಎಂದು ನಿಲ್ಲಿಸಿಬಿಡುತ್ತಾರೆ. ಆದಷ್ಟು ಬೇಗ ಎಂಬ ತಾರೀಖು ಯಾವ ಕ್ಯಾಲೆಂಡರಿನಲ್ಲೂ ಇಲ್ಲ.

ಉಬ್ಬಿಸದೆ ಆದರದಿಂದ ಬರೆಯಲು ಒಂದೇ ದಾರಿ ನನಗೆ ಗೊತ್ತು. ಅವರು ಏನನ್ನು ಬಿಟ್ಟುಕೊಟ್ಟರು, ಅದರಿಂದ ನಿಮಗೆ ಏನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುವುದು. ‘ಪುಟ್ಟಿಯ ಕಾಲೇಜಿಗೆ ಇಟ್ಟ ಎಫ್‌ಡಿ ಮುರಿಸಿದಿರಿ’ ಎಂದು ಬರೆದರೆ, ಅವರ ತ್ಯಾಗ ನಿಮ್ಮ ಕಣ್ಣಿಗೆ ಬಿದ್ದಿದೆ ಎಂದು ಅವರಿಗೆ ಗೊತ್ತಾಗುತ್ತದೆ. ‘ಆ ಹಣದಿಂದ ಆಪರೇಷನ್ ಎರಡು ದಿನದಲ್ಲೇ ಆಯಿತು’ ಎಂದರೆ ಹಣ ಸರಿಯಾದ ಜಾಗಕ್ಕೆ ಹೋಯಿತೆಂದು ಗೊತ್ತಾಗುತ್ತದೆ. ವಿಶೇಷಣಗಳು ಬೇಕಿಲ್ಲ. ಕ್ಷಮೆ ಕೇಳುವುದೂ ಬೇಕಿಲ್ಲ. ಬೈಕಿನಿಂದ ಬಿದ್ದದ್ದು ಅಪರಾಧವಲ್ಲ, ಸಾಲ ಕೇಳಿದ್ದೂ ಅಪರಾಧವಲ್ಲ. ‘ನಾನು ಕೈಲಾಗದವನು, ನಿಮಗೆಲ್ಲ ಹೊರೆ’ ಎಂದು ತನ್ನನ್ನು ತಾನೇ ಹಳಿದುಕೊಂಡರೆ ಓದಿದವರು ಸಮಾಧಾನ ಹೇಳಲು ಕೂರಬೇಕಾಗುತ್ತದೆ. ಹಣ ಕೊಟ್ಟದ್ದೂ ಅವರೇ, ಸಮಾಧಾನ ಹೇಳಬೇಕಾದ್ದೂ ಅವರೇ ಎಂದರೆ ಹೇಗೆ?

ಮರಳಿ ಕೊಡುವ ಮಾತಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕಂತಿನ ಮೊತ್ತ ಗೊತ್ತುಮಾಡುವುದು. ಉತ್ಸಾಹದಲ್ಲಿ ದೊಡ್ಡ ಮೊತ್ತ ಹೇಳಿಬಿಡುತ್ತೇವೆ. ನಮ್ಮ ತಮ್ಮನಿಗೂ ‘ತಿಂಗಳಿಗೆ ಹತ್ತು ಸಾವಿರದಂತೆ ಒಂದು ವರ್ಷದಲ್ಲಿ ತೀರಿಸುತ್ತೇನೆ’ ಎಂದು ಬರೆಯುವ ಆಸೆ. ಆದರೆ ಅವನ ಅಂಗಡಿಯ ಲೆಕ್ಕ ನೋಡಿ. ಜೂನ್, ಜುಲೈಯಲ್ಲಿ ಅಡ್ಮಿಷನ್ ಕಾಲ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಟಿಸಿ ಎಲ್ಲದಕ್ಕೂ ಮೂರು ಮೂರು ಪ್ರತಿ. ಅಂಗಡಿ ಬಾಡಿಗೆ, ಕರೆಂಟು, ಕಾಗದ, ಟೋನರ್ ಎಲ್ಲ ಕಳೆದು ಮನೆಗೆ ತಿಂಗಳಿಗೆ 35,000 ಬರುತ್ತದೆ. ಉಳಿದ ಹತ್ತು ತಿಂಗಳಲ್ಲಿ ಬಡವಾದ ತಿಂಗಳೆಂದರೆ 20,000. ಮನೆ ಖರ್ಚು ಎಷ್ಟು ಬಿಗಿ ಹಿಡಿದರೂ 16,500. ಅಂದರೆ ಬಡ ತಿಂಗಳಲ್ಲಿ ಉಳಿಯುವುದು 3,500.

ಕಂತನ್ನು ಈ 3,500ರ ಮೇಲೆ ನಿಲ್ಲಿಸಬೇಕು, ಜೂನ್ ತಿಂಗಳ ಗಳಿಕೆಯ ಮೇಲೆ ಅಲ್ಲ. ಭಾವನಿಗೆ ತಿಂಗಳಿಗೆ 3,000. ಸರದ ಸಾಲ 30,000ಕ್ಕೆ ವರ್ಷಕ್ಕೆ ಶೇ 9 ಬಡ್ಡಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 2,700 ಆಯಿತು. ಅದಕ್ಕೆ ತಿಂಗಳಿಗೆ 225 ಪಕ್ಕಕ್ಕೆ. ಎರಡೂ ಸೇರಿ 3,225, ಬಡ ತಿಂಗಳಲ್ಲೂ ನಿಭಾಯಿಸಬಹುದು. 2025ರ ಜೂನ್‌ನಲ್ಲಿ ಬರುವ ಹಣವೆಲ್ಲ ಬೀಗ ಹಾಕಿದ್ದ ಕಾಲದ ಬಾಡಿಗೆ ಬಾಕಿಗೆ ಹೋಗಿಬಿಡುತ್ತದೆ. ಆದ್ದರಿಂದ ಮೊದಲ ಕಂತು ಆಗಸ್ಟ್‌ನಲ್ಲಿ. 3,000ದಂತೆ ಮೂವತ್ತು ಕಂತಿಗೆ 90,000 ತೀರುವುದು 2028ರ ಜನವರಿಗೆ.

ಮೂವತ್ತು ತಿಂಗಳು ಎಂದು ಬರೆಯಲು ಕೈ ಹಿಂಜರಿಯುತ್ತದೆ, ನಿಜ. ಆದರೆ ಹತ್ತು ಸಾವಿರದ ಮಾತು ಕೊಟ್ಟು ಮೂರನೆಯ ತಿಂಗಳಿಗೆ ತಪ್ಪುವವನಿಗಿಂತ, ಮೂರು ಸಾವಿರದ ಮಾತು ಕೊಟ್ಟು ಮೂವತ್ತು ಸಲವೂ 5ನೇ ತಾರೀಖಿಗೆ ಹಾಕುವವನ ಮೇಲೆ ನೆಂಟರಿಗೆ ನಂಬಿಕೆ ಹೆಚ್ಚು. ಇಲ್ಲಿ ಇನ್ನೊಂದು ಅನುಕೂಲವೂ ಇದೆ. 2026ರ ಜೂನ್, ಜುಲೈಯಲ್ಲಿ ತಲಾ 15,000 ಕಟ್ಟಿ ಸರ ಬಿಡಿಸಬಹುದು. ಆಗಲೂ ಭಾವನ 3,000ಕ್ಕೆ ಹಣ ಉಳಿಯುತ್ತದೆ. 2027ರ ಜೂನ್ ಬರುವ ಹೊತ್ತಿಗೆ ಭಾವನಿಗೆ 66,000 ಸಂದಿರುತ್ತದೆ. ಬಾಕಿ 24,000ವನ್ನು ಆ ವರ್ಷದ ಸೀಸನ್ನಿನ ಎರಡೇ ತಿಂಗಳಲ್ಲಿ ತೀರಿಸಿದರೆ ಹೇಳಿದ್ದಕ್ಕಿಂತ ಆರು ತಿಂಗಳು ಮೊದಲೇ ಮುಗಿಯುತ್ತದೆ. ಅದನ್ನು ಕಾಗದದಲ್ಲಿ ಬರೆಯಬೇಡಿ. ಮಾಡಿ ತೋರಿಸಿದರೆ ಸಾಕು.

ಸರ ಮೊದಲು ಬಿಡಿಸಬೇಕು ಎಂದದ್ದಕ್ಕೆ ಕಾರಣವಿದೆ. ಭಾವನ ಹಣಕ್ಕೆ ಬಡ್ಡಿ ಓಡುತ್ತಿಲ್ಲ, ಸರಕ್ಕೆ ಓಡುತ್ತಿದೆ. ಅಡವಿನ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ಗಡುವು. ಗಡುವಿನೊಳಗೆ ಬಡ್ಡಿ ಕಟ್ಟಿ ನವೀಕರಿಸದಿದ್ದರೆ ನೋಟಿಸು ಬರುತ್ತದೆ, ಆಮೇಲೆ ಹರಾಜು. ನೋಟಿಸು ಹೋಗುವುದು ಅಡವಿಟ್ಟವರ ವಿಳಾಸಕ್ಕೆ, ಅಂದರೆ ತಿಪಟೂರಿನ ಅಕ್ಕನ ಮನೆ ಬಾಗಿಲಿಗೆ. ತಮ್ಮನ ಮಾನ ಹೋಗಲು ಇಷ್ಟು ಸಾಕು. ಹಾಗಾಗಿ ಅಡವಿನ ಚೀಟಿಯ ಒಂದು ಪ್ರತಿ ತಮ್ಮನ ಹತ್ತಿರವೂ ಇರಬೇಕು. ಒಟ್ಟು ತೂಕ, ಕಲ್ಲು ಕಳೆದ ತೂಕ, ಗಡುವಿನ ದಿನ ಮೂರನ್ನೂ ಅದರಿಂದ ನೋಡಿ ಕಾಗದದಲ್ಲಿ ಬರೆಯಬೇಕು. ಒಡವೆಯ ಸಾಲ ಗ್ರಾಂ ಲೆಕ್ಕದ್ದು ಎಂಬುದನ್ನೂ ಮರೆಯಬಾರದು. ಅಕಸ್ಮಾತ್ ಸರ ಕೈತಪ್ಪಿ ಹೋದರೆ ‘ಅವತ್ತು ಮೂವತ್ತು ಸಾವಿರ ತಾನೇ ಬಂದದ್ದು’ ಎಂದು ಮೂವತ್ತು ಸಾವಿರ ಎಣಿಸಿ ಕೊಡುವುದು ನ್ಯಾಯವಲ್ಲ. ಹೋದದ್ದು 16 ಗ್ರಾಂ ಚಿನ್ನ, ತರಬೇಕಾದದ್ದೂ ಅಷ್ಟೇ ಚಿನ್ನ, ಅವತ್ತಿನ ಬೆಲೆ ಏನೇ ಇರಲಿ.

ಇಷ್ಟನ್ನೆಲ್ಲ ಇಟ್ಟುಕೊಂಡು ತಮ್ಮ ಬರೆಯಬಹುದಾದ ಕಾಗದ ಹೀಗಿದೆ:

ತುಮಕೂರು, 20 ಏಪ್ರಿಲ್ 2025

ಪೂಜ್ಯ ಭಾವನವರಿಗೆ ಹಾಗೂ ಅಕ್ಕನಿಗೆ ನಮಸ್ಕಾರಗಳು.

ಮೊನ್ನೆಯಿಂದ ವಾಕರ್ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯುತ್ತಿದ್ದೇನೆ. ಜೂನ್ ಮೊದಲ ವಾರ ಅಂಗಡಿ ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಭಾವ, ಪುಟ್ಟಿಯ ಕಾಲೇಜಿಗೆಂದು ಇಟ್ಟಿದ್ದ ಎಫ್‌ಡಿ ಮುರಿಸಿ ಹಣ ಕಳಿಸಿದಿರಿ. ಅಕ್ಕ, ನೀನು ಅಮ್ಮ ಹಾಕಿದ್ದ ಸರ ಅಡವಿಟ್ಟೆ. ಅದರಿಂದ ಆಪರೇಷನ್ ತಡವಾಗಲಿಲ್ಲ, ನಾವು ಬಡ್ಡಿಯವರ ಬಾಗಿಲಿಗೆ ಹೋಗಲಿಲ್ಲ. ಇದನ್ನು ನಾನೂ ಇವಳೂ ಯಾವತ್ತೂ ಮರೆಯುವುದಿಲ್ಲ.

ನೀವು ಕೊಟ್ಟದ್ದನ್ನು ಕೈಸಾಲ ಎಂದೇ ತಿಳಿದು ತೆಗೆದುಕೊಂಡಿದ್ದೇನೆ. ಏಪ್ರಿಲ್ 9ರಂದು ಭಾವನ ಖಾತೆಯಿಂದ ನನ್ನ ಖಾತೆಗೆ 90,000 ರೂಪಾಯಿ ಬಂದಿದೆ. ಆಗಸ್ಟ್ 5ರಿಂದ ಪ್ರತಿ ತಿಂಗಳು 5ನೇ ತಾರೀಖು 3,000 ರೂಪಾಯಿ ಅದೇ ಖಾತೆಗೆ ಹಾಕುತ್ತೇನೆ. ಹೀಗೆ 2028ರ ಜನವರಿಗೆ ಪೂರ್ತಿ ತೀರುತ್ತದೆ. ಬಡ್ಡಿ ಬೇಡ ಎಂದಿದ್ದೀರಿ, ನಿಮ್ಮ ಮಾತಿಗೆ ಒಪ್ಪಿದ್ದೇನೆ.

ಅಕ್ಕ, ಸರದ ಮೇಲಿನ 30,000 ಮತ್ತು ಅದರ ಬಡ್ಡಿ ನನ್ನದು. ಬರುವ ಏಪ್ರಿಲ್‌ಗೆ ಬಡ್ಡಿ ಕಟ್ಟಿ ನವೀಕರಿಸಬೇಕು, ಅದಕ್ಕೆ ಬೇಕಾದ ಹಣ ಮಾರ್ಚ್‌ನಲ್ಲೇ ಕಳಿಸುತ್ತೇನೆ. ಮುಂದಿನ ವರ್ಷ ಜುಲೈ ಕೊನೆಯೊಳಗೆ ಸರ ಬಿಡಿಸಿಕೊಡುತ್ತೇನೆ. ಚೀಟಿಯಲ್ಲಿ ತೂಕ 16 ಗ್ರಾಂ ಎಂದಿದೆ, ಕಲ್ಲಿಲ್ಲ. ಚೀಟಿಯ ಜೆರಾಕ್ಸ್ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ಯಾವ ತಿಂಗಳಾದರೂ ಕಂತು ಹಾಕಲು ಆಗದಿದ್ದರೆ 5ನೇ ತಾರೀಖಿಗೆ ಮುಂಚೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಪುಟ್ಟಿಯ ಫೀಸಿಗೆ ಹಣ ಮೊದಲೇ ಬೇಕಾದರೆ ಸಂಕೋಚಪಡದೆ ಎರಡು ತಿಂಗಳು ಮುಂಚೆ ತಿಳಿಸಿ, ಬೇರೆ ವ್ಯವಸ್ಥೆ ಮಾಡುತ್ತೇನೆ. ಈ ಲೆಕ್ಕವೆಲ್ಲ ಇವಳಿಗೂ ಗೊತ್ತಿದೆ.

ಪುಟ್ಟಿಗೆ ನನ್ನ ಆಶೀರ್ವಾದ ತಿಳಿಸಿ.

ಇಂತಿ ನಿಮ್ಮ ತಮ್ಮ (ಸಹಿ)

ಕೃತಜ್ಞತೆಗೆ ಒಂದು ಪ್ಯಾರಾ, ಅದೂ ಲೆಕ್ಕ ಬರುವುದಕ್ಕಿಂತ ಮುಂಚೆ. ಲೆಕ್ಕ ಶುರುವಾದ ಮೇಲೆ ಮತ್ತೆ ಮತ್ತೆ ‘ನಿಮ್ಮ ಉಪಕಾರ’ ಎಂದು ಹೇಳಿಲ್ಲ. ‘ಬೇರೆ ವ್ಯವಸ್ಥೆ ಮಾಡುತ್ತೇನೆ’ ಎಂಬ ಸಾಲು ಇಡೀ ಕಾಗದದಲ್ಲಿ ತೂಕದ್ದು ಎಂದು ನನಗನ್ನಿಸುತ್ತದೆ. ಹಣ ಕೊಟ್ಟವರಿಗೂ ಕಷ್ಟ ಬರಬಹುದು ಎಂಬುದು ಸಾಲ ತೆಗೆದುಕೊಂಡವರ ತಲೆಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ‘ಇವಳಿಗೂ ಗೊತ್ತಿದೆ’ ಎಂದದ್ದೂ ಸುಮ್ಮನೆ ಅಲ್ಲ. ತಮ್ಮನಿಗೇ ಏನಾದರೂ ಆದರೆ, ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಸಾಲ ಅವನ ವಾರಸುದಾರರ ಮೇಲೆ ಬರುತ್ತದೆ. ಹೆಂಡತಿಗೆ ಇಂಥದೊಂದು ಸಾಲ ಇದೆಯೆಂದು ನಾದಿನಿಯ ಬಾಯಿಂದ ಮೊದಲ ಸಲ ಗೊತ್ತಾಗಬಾರದು.

ಇಷ್ಟು ಬರೆದು ಸಹಿ ಹಾಕಿದ ಕಾಗದಕ್ಕೆ ಕಾನೂನಿನಲ್ಲೂ ಬೆಲೆಯಿದೆ. ಬಾಯಿಮಾತಿನ ಕೈಸಾಲವನ್ನು ಕೋರ್ಟಿನ ಮೂಲಕ ಕೇಳಲು 1963ರ ಕಾಲಮಿತಿ ಕಾಯ್ದೆಯಲ್ಲಿ ಮೂರು ವರ್ಷದ ಅವಧಿ. ಹಣ ಕೊಟ್ಟ ದಿನದಿಂದ ಎಣಿಕೆ. ಆ ಅವಧಿ ಮುಗಿಯುವುದರೊಳಗೆ ಸಾಲಗಾರ ‘ಇಷ್ಟು ಹಣ ಕೊಡಬೇಕಾಗಿದೆ’ ಎಂದು ಬರೆದು ಸಹಿ ಮಾಡಿಕೊಟ್ಟರೆ, ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. ಅವಧಿ ಮುಗಿದೇ ಹೋಗಿದ್ದರೂ ‘ಕೊಡುತ್ತೇನೆ’ ಎಂದು ಬರೆದು ಸಹಿ ಹಾಕಿದ ಮಾತಿಗೆ 1872ರ ಕರಾರು ಕಾಯ್ದೆಯಲ್ಲಿ ಮಾನ್ಯತೆಯಿದೆ. ಅಕ್ಕ ತಮ್ಮನ ಮೇಲೆ ದಾವೆ ಹೂಡುತ್ತಾಳೆ ಎಂದು ಇದರ ಅರ್ಥವಲ್ಲ. ತಾನಾಗಿ ಕೇಳದೆ ಇಂಥ ಕಾಗದವನ್ನು ಕೈಗಿತ್ತವನು ಕೊಟ್ಟವರ ಹಕ್ಕನ್ನು ಅವರ ಕೈಯಲ್ಲೇ ಇಟ್ಟ ಹಾಗಾಯಿತು. ಸಾವಿರ ಸಲ ಕೈಮುಗಿಯುವುದಕ್ಕಿಂತ ಇದು ಮೇಲು. ಕೆಲವರು ರೆವಿನ್ಯೂ ಸ್ಟಾಂಪ್ ಅಂಟಿಸಿ ಪ್ರೋನೋಟನ್ನೇ ಬರೆದುಕೊಡುತ್ತಾರೆ. ಲಕ್ಷಗಟ್ಟಲೆ ಹಣವಾದರೆ, ಮತ್ತು ಕೊಟ್ಟವರು ಇಷ್ಟಪಟ್ಟರೆ, ಅದೂ ಸರಿಯೇ. ಒಡಹುಟ್ಟಿದವರ ನಡುವೆ ಕಾಗದವೇ ಹಿತ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು. ಒಬ್ಬರಿಂದ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಅಂಥ ಸಾಲವನ್ನು ನಗದಾಗಿ ತೀರಿಸುವಂತೆಯೂ ಇಲ್ಲ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ಮೀರಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ನೆಂಟರು ಎಂಬುದಕ್ಕೆ ಕಾನೂನಿನ ಅಕ್ಷರದಲ್ಲಿ ವಿನಾಯಿತಿಯಿಲ್ಲ. ಇಬ್ಬರದೂ ಬೇಸಾಯದ ಆದಾಯ, ತೆರಿಗೆ ಬೀಳುವಷ್ಟು ಬೇರೆ ಆದಾಯ ಇಬ್ಬರಿಗೂ ಇಲ್ಲ ಎಂದಾದರೆ ಮಾತ್ರ ಬಿಟ್ಟಿದ್ದಾರೆ. ಅಕ್ಕ 30,000ವನ್ನು ಆಸ್ಪತ್ರೆಯ ಕೌಂಟರಿನಲ್ಲಿ ನೋಟಾಗಿ ಎಣಿಸಿದ್ದರೆ ತಕರಾರಿಗೆ ಜಾಗವಿತ್ತು; ತುರ್ತಿನ ನಿಜವಾದ ಕಾರಣ ತೋರಿಸಿದರೆ ದಂಡ ತಪ್ಪಬಹುದು, ಆದರೆ ಅದನ್ನು ತೋರಿಸಿಕೊಡುವ ಕೆಲಸ ತಮ್ಮನದೇ. ಆದ್ದರಿಂದ ಹಣ ಬರುವುದೂ ಹೋಗುವುದೂ ಖಾತೆಯ ಮೂಲಕವೇ ಇರಲಿ. ಒಟ್ಟು ಸಾಲ 20,000 ದಾಟಿದ್ದರೆ ಮೂರು ಸಾವಿರದ ಸಣ್ಣ ಕಂತಿಗೂ ಈ ಮಾತು ಅನ್ವಯ. ಯುಪಿಐ ಸಾಕು. ಕಳಿಸುವಾಗ ಷರಾದ ಜಾಗದಲ್ಲಿ ‘ಕೈಸಾಲದ ಬಾಬ್ತು, ಕಂತು 7’ ಎಂದು ಬರೆದರೆ ಎಷ್ಟು ಸಂದಿದೆ ಎಂಬ ಮಾತೇ ಮುಂದೆ ಏಳುವುದಿಲ್ಲ.

ಕಾಗದ ಹೋಯಿತು, ಕಂತು ಶುರುವಾಯಿತು. ಎಡವುವುದು ಸಾಮಾನ್ಯವಾಗಿ ಎಂಟನೆಯದೋ ಒಂಬತ್ತನೆಯದೋ ಕಂತಿನ ಹೊತ್ತಿಗೆ. ಮಗುವಿಗೆ ಜ್ವರ, ಮಷೀನಿಗೆ ರಿಪೇರಿ, ಏನೋ ಒಂದು. ಆಗ ಜನ ಮಾಡುವ ತಪ್ಪು, 5ನೇ ತಾರೀಖನ್ನು ಸುಮ್ಮನೆ ದಾಟಿಸಿಬಿಡುವುದು. ಅಕ್ಕ ಕೇಳುವುದಿಲ್ಲ, ಹೌದು. ಭಾವ ಮೊಬೈಲು ತೆಗೆದು ನೋಡಿರುತ್ತಾರೆ. 12ನೇ ತಾರೀಖಿಗೆ ‘ಸಾರಿ’ ಎಂದು ಉದ್ದ ಕಥೆ ಹೇಳುವ ಬದಲು 3ನೇ ತಾರೀಖಿಗೆ ಎರಡು ಸಾಲು ಕಳಿಸಿದರೆ ಸಾಕು: ‘ಭಾವ, ಮಷೀನು ಕೆಟ್ಟಿದೆ. ಈ ತಿಂಗಳು 1,000 ಹಾಕುತ್ತೇನೆ, ಉಳಿದ 2,000 ಜೂನ್ ಕಂತಿನ ಜೊತೆ ಸೇರಿಸಿ ಹಾಕುತ್ತೇನೆ.’ ಪೂರ್ತಿ ಬಿಡಬೇಡಿ, ಸಾವಿರವಾದರೂ ಹಾಕಿ. ಹೇಳಿದ ಜೂನ್ ಬಂದಾಗ ಅವರು ನೆನಪಿಸುವಂತಾಗಬಾರದು.

ಕಂತು ಸರಿಯಾಗಿ ಹೋಗುತ್ತಿದ್ದರೂ ಮನಸ್ಸು ಕೆಡಿಸುವ ಒಂದು ಚಾಳಿ ನಮ್ಮಲ್ಲಿದೆ. ಬಡ್ಡಿ ಬೇಡ ಎಂದರಲ್ಲ ಎಂದು ಗೌರಿಹಬ್ಬಕ್ಕೆ ಅಕ್ಕನಿಗೆ ನಾಲ್ಕು ಸಾವಿರದ ರೇಷ್ಮೆ ಸೀರೆ ಉಡುಗೊರೆ. ಪ್ರೀತಿ ಅರ್ಥವಾಗುತ್ತದೆ. ಆದರೆ ಸರ ಇನ್ನೂ ಅಡವಿನಲ್ಲಿರುವಾಗ ಆ ನಾಲ್ಕು ಸಾವಿರ ಎಲ್ಲಿಗೆ ಹೋಗಬೇಕಿತ್ತು ಎಂಬುದು ಅಕ್ಕನಿಗೂ ಗೊತ್ತು. ಬಾಗಿನಕ್ಕೆ ಪ್ರತಿ ವರ್ಷ ಏನು ಕೊಡುತ್ತಿದ್ದಿರೋ ಅಷ್ಟೇ ಕೊಡಿ. ಬಡ್ಡಿಯ ವಿಷಯವನ್ನು ಒಂದೇ ಸಲ ನೇರವಾಗಿ ಕೇಳಿ ಮುಗಿಸುವುದು ಒಳ್ಳೆಯದು. 90,000ಕ್ಕೆ ಶೇ 7ರಂತೆ ಎಫ್‌ಡಿ ಇದ್ದಿದ್ದರೆ ವರ್ಷಕ್ಕೆ 6,300 ಬರುತ್ತಿತ್ತು, ಅದನ್ನು ಕೊಡಲೇ ಎಂದು ಕೇಳಬಹುದು. ಬೇಡ ಎಂದರೆ ಅದು ಅವರು ಕೊಟ್ಟ ಕೊಡುಗೆ. ಅದನ್ನು ಅಡ್ಡದಾರಿಯಿಂದ ವಾಪಸ್ ಮಾಡಲು ಹೋಗಬಾರದು. ಇನ್ನು ಸಾಲ ಇರುವಾಗ ಹೊಸ ಮೊಬೈಲು ಕೊಂಡು ಸ್ಟೇಟಸ್ಸಿಗೆ ಹಾಕುವವರಿಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ.

ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದನ್ನು ಮಾತ್ರ ಬಿಡಬೇಡಿ. ಸಾಲಗಾರ ಎಂದು ಪಂಕ್ತಿಯ ತುದಿಯಲ್ಲಿ ಕೂರುವುದೂ ಬೇಡ, ಎಲ್ಲರಿಗಿಂತ ಮೊದಲು ಬಂದು ಚಾಕರಿ ಮಾಡುವುದೂ ಬೇಡ. ಕಂತು ಹೋಗುತ್ತಿದೆ ಎಂದ ಮೇಲೆ ಅಕ್ಕನ ಮನೆಯಲ್ಲಿ ತಮ್ಮ ತಮ್ಮನೇ. ಕೊಟ್ಟವರಿಗೂ ಒಂದು ಮಾತು ಹೇಳಬೇಕು: ಸಾಲದ ವಿಷಯ ಮೂರನೆಯವರ ಮುಂದೆ ಬರಬಾರದು. ‘ನಾವೇ ಅಲ್ವಾ ಅವನ ಕಾಲು ನಿಲ್ಲಿಸಿದ್ದು’ ಎಂದು ಬೀಗರೆದುರು ಒಂದು ಸಲ ಹೇಳಿಬಿಟ್ಟರೆ, ಮೂವತ್ತು ಕಂತೂ ಸರಿಯಾಗಿ ಕಟ್ಟಿದವನಿಗೂ ಅದು ಮುಳ್ಳಾಗಿ ಉಳಿಯುತ್ತದೆ.

ನಡುವೆ ಎಲ್ಲೋ ಅಕ್ಕ ‘ಸಾಕು ಬಿಡೋ, ಮಿಕ್ಕಿದ್ದು ಕೊಡಬೇಡ’ ಎನ್ನಬಹುದು. ಹಬ್ಬದ ದಿನದ ಮಾತನ್ನು ಆ ದಿನವೇ ಹಿಡಿದುಕೊಳ್ಳಬಾರದು. ಮುಂದಿನ 5ನೇ ತಾರೀಖಿಗೆ ಎಂದಿನಂತೆ ಕಂತು ಹಾಕಿ. ಆಮೇಲೂ ಅದನ್ನೇ ಹೇಳಿದರೆ ಭಾವನನ್ನೂ ಕೂರಿಸಿಕೊಂಡು ಮಾತಾಡಿ, ಏಕೆಂದರೆ ಹಣ ಹೋದದ್ದು ಅವರ ಖಾತೆಯಿಂದ. ಇಬ್ಬರೂ ಒಪ್ಪಿದರೆ ಸಂತೋಷದಿಂದ ಸ್ವೀಕರಿಸಬಹುದು. ಒಡಹುಟ್ಟಿದವರಿಂದ ಉಡುಗೊರೆಯಾಗಿ ಬಂದ ಹಣಕ್ಕೆ ಆದಾಯ ತೆರಿಗೆಯಿಲ್ಲ. ಆದರೆ ‘ಬಾಕಿ ಇಷ್ಟನ್ನು ಬಿಟ್ಟಿದ್ದೇವೆ’ ಎಂಬ ಒಂದು ಮೆಸೇಜನ್ನಾದರೂ ಅವರಿಂದ ತರಿಸಿಕೊಳ್ಳಿ. ಅಪ್ಪನ ಆಸ್ತಿ ಪಾಲಾಗುವ ದಿನ ಹಳೆಯ ಲೆಕ್ಕಗಳೆಲ್ಲ ಎದ್ದು ಕೂರುತ್ತವೆ. ಬರವಣಿಗೆಯಲ್ಲಿ ಇಲ್ಲದ ಉಪಕಾರ ಅವತ್ತು ಎರಡರಷ್ಟು ಬೆಳೆದಿರುತ್ತದೆ, ಅಥವಾ ಆಗೇ ಇಲ್ಲ ಎನ್ನುವಷ್ಟು ಕರಗಿರುತ್ತದೆ.

ಸರ ಬಿಡಿಸುವ ದಿನ ಅಕ್ಕನನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ. ಚೀಟಿ ಅವಳ ಹೆಸರಿನಲ್ಲಿರುವುದರಿಂದ ಹೇಗೂ ಅವಳ ಸಹಿ ಬೇಕು. ಕೌಂಟರಿನಲ್ಲೇ ತೂಕ ಹಾಕಿಸಿ, ಕೊಂಡಿ ಸರಿಯಾಗಿದೆಯೇ ನೋಡಿ, ಅವಳ ಕೈಗೇ ಕೊಡಿಸಿ. ಕೊನೆಯ ಕಂತು ಹಾಕಿದ ದಿನ ಒಂದು ಫೋನ್ ಮಾಡಿ, ಎರಡನೆಯ ಕಾಗದ ಬೇಕಿಲ್ಲ. ಕಂತುಗಳ ಪಟ್ಟಿಯನ್ನು ಭಾವನಿಗೆ ಕಳಿಸಿ, ಮೊದಲ ಕಾಗದದ ಕೆಳಗೆ ‘ಪೂರ್ತಿ ಸಂದಿದೆ, ಲೆಕ್ಕ ಚುಕ್ತಾ’ ಎಂದು ಅವರ ಕೈಯಲ್ಲಿ ಬರೆಸಿ, ತಾರೀಖು ಹಾಕಿಸಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಪ್ರೋನೋಟು ಬರೆದುಕೊಟ್ಟಿದ್ದರೆ ಅದನ್ನು ಅವತ್ತೇ ವಾಪಸ್ ಕೇಳಿ ಪಡೆಯಿರಿ.